ಜಾಹೀರಾತಿನ ದುಡ್ಡು: ಮೊದಲು ಶಿವಮೊಗ್ಗದಲ್ಲಿ ನಿಲ್ಲಿಸಿ ನೋಡಿದೆವು

(ದಾವಣಗೆರೆಯಲ್ಲಿ ಸಣ್ಣ ಉದ್ದಿಮೆ ನಡೆಸುವವರು ಸೇರಿದ್ದ ಸಭೆಯೊಂದರಲ್ಲಿ ನಾನು ಆಡಿದ ಮಾತುಗಳು ಇವು. ಅಲ್ಲಿ ಅವಸರದಲ್ಲಿ ಬಿಟ್ಟುಹೋದ ಲೆಕ್ಕಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಚಳ್ಳಕೆರೆಯ ಸೊಸೆ. ನಮ್ಮದು ಗಾಣದ ಶೇಂಗಾ ಎಣ್ಣೆ. ಮಾವ ಗಾಣ ನೋಡಿಕೊಳ್ಳುತ್ತಾರೆ, ನಾನು ಲೆಕ್ಕ ಮತ್ತು ಮಾರಾಟ ನೋಡಿಕೊಳ್ಳುತ್ತೇನೆ. ಚಳ್ಳಕೆರೆಯಲ್ಲಿ ಎಣ್ಣೆ ಮಾರುತ್ತೇನೆ ಅನ್ನುವುದು ದಾವಣಗೆರೆಯಲ್ಲಿ ಮಂಡಕ್ಕಿ ಮಾರುತ್ತೇನೆ ಅಂದ ಹಾಗೆ. ಎಲ್ಲರೂ ಮಾರುತ್ತಾರೆ. ಅದಕ್ಕೇ ಜಾಹೀರಾತಿಗೆ ಎಷ್ಟು ಹಾಕಬೇಕು, ಅದರಲ್ಲಿ ಹೆಸರು ಕಟ್ಟುವುದಕ್ಕೆ ಎಷ್ಟು, ಇವತ್ತೇ ಆರ್ಡರ್ ತರುವುದಕ್ಕೆ ಎಷ್ಟು ಅನ್ನುವ ಪ್ರಶ್ನೆ ನಮ್ಮ ಮನೆಯಲ್ಲಿ ಎರಡು ವರ್ಷ ಊಟದ ಹೊತ್ತಿಗೂ ಬಿಡಲಿಲ್ಲ.

ಇವತ್ತು ಹೇಳುವುದು ನಮ್ಮ ಒಂದೇ ಕಂಪನಿಯ ಕಥೆ. ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗಲಿ ಅಂತ ದುಂಡಗೆ ಮಾಡಿದ್ದೇನೆ.

ನಮ್ಮ ಮಾರಾಟ ಆಗ ತಿಂಗಳಿಗೆ 10 ಲಕ್ಷದ ಸುತ್ತಮುತ್ತ ಇತ್ತು. ಅರ್ಧ ಕಿರಾಣಿ ಅಂಗಡಿಗಳಿಂದ, ಇನ್ನರ್ಧ ಫೋನು, ವಾಟ್ಸಾಪು, ವೆಬ್‌ಸೈಟಿನಿಂದ ನೇರ ಮನೆಗೆ ಹೋಗುವ ಆರ್ಡರು. 5 ಲೀಟರ್ ಕ್ಯಾನಿಗೆ 1,600 ರೂಪಾಯಿ. ಶೇಂಗಾ, ಕೂಲಿ, ಕ್ಯಾನು, ಪಾರ್ಸೆಲ್ ಎಲ್ಲ ಕಳೆದು, ಹಿಂಡಿ ಮಾರಿದ ದುಡ್ಡನ್ನೂ ಸೇರಿಸಿದರೆ ನಮಗೆ ಉಳಿಯುವುದು 320. ಈ 320 ಅನ್ನುವ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದಿನ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ.

ಜಾಹೀರಾತಿಗೆ ತಿಂಗಳಿಗೆ 60,000 ಹೋಗುತ್ತಿತ್ತು. ಅಷ್ಟೂ ಪರ್ಫಾರ್ಮೆನ್ಸ್ ಜಾಹೀರಾತೇ, ಅಂದರೆ ಒತ್ತಿದರೆ ಆರ್ಡರ್ ಆಗಬೇಕು ಅನ್ನುವಂಥದ್ದು. 40,000 ಫೇಸ್‌ಬುಕ್, ಇನ್‌ಸ್ಟಾಗ್ರಾಮಿಗೆ. 20,000 ಗೂಗಲ್ ಹುಡುಕಾಟಕ್ಕೆ. ನೋಡಿಕೊಳ್ಳುತ್ತಿದ್ದ ಏಜೆನ್ಸಿಯವರು ಪ್ರತಿ ತಿಂಗಳು ವರದಿ ಕಳಿಸುತ್ತಿದ್ದರು: ಜಾಹೀರಾತಿನಿಂದ 300 ಆರ್ಡರ್, ಅಂದರೆ ಒಂದು ಆರ್ಡರಿಗೆ 200 ರೂಪಾಯಿ ಖರ್ಚು. ಕ್ಯಾನಿನ ಮೇಲೆ 320 ಉಳಿದರೆ, ಜಾಹೀರಾತು ಕಳೆದು 120 ಲಾಭ ಅಲ್ವಾ? ಹಾಗಂತ ನಾನೂ ನಂಬಿದ್ದೆ.

ಒಂದು ದಿನ ಆ 300 ಆರ್ಡರುಗಳ ಪಟ್ಟಿ ತರಿಸಿಕೊಂಡು ನಮ್ಮ ಖಾತೆ ಪುಸ್ತಕದ ಫೋನ್ ನಂಬರುಗಳ ಜೊತೆ ತಾಳೆ ಹಾಕುತ್ತಾ ಕೂತೆ. ಹೊಸ ನಂಬರು ಮೂರರಲ್ಲಿ ಒಂದೂ ಇರಲಿಲ್ಲ. ಉಳಿದವರೆಲ್ಲ ಹಳೆಯ ಗಿರಾಕಿಗಳು. ಮಾವನಿಗೆ ಹೆಸರು ಹೇಳಿದರೆ ಯಾವ ಬೀದಿ, ಯಾರ ಮನೆ ಅಂತ ಹೇಳುವಂಥವರು. ಅದರಲ್ಲಿ ಹಿರಿಯೂರಿನ ಒಬ್ಬ ಅಜ್ಜಿ ಇದ್ದರು, ಮೂರು ವರ್ಷದಿಂದ ಪ್ರತಿ ಮೂರು ತಿಂಗಳಿಗೆ ಒಂದು ಕ್ಯಾನ್ ತರಿಸುವವರು. ಮೊಮ್ಮಗ ಗೂಗಲಿನಲ್ಲಿ ನಮ್ಮ ಹೆಸರು ಟೈಪ್ ಮಾಡಿದ್ದಾನೆ, ಮೇಲೆ ಬಂದ ನಮ್ಮದೇ ಜಾಹೀರಾತು ಒತ್ತಿದ್ದಾನೆ, ಆರ್ಡರ್ ಆಗಿದೆ. ವರದಿಯಲ್ಲಿ ಅದು ಜಾಹೀರಾತು ತಂದ ಆರ್ಡರು. ಜಾಹೀರಾತು ಇಲ್ಲದಿದ್ದರೆ ಆ ಅಜ್ಜಿ ಎಣ್ಣೆ ತರಿಸುತ್ತಿರಲಿಲ್ಲವೇ?

ಇಲ್ಲಿ ಯಾರೂ ಸುಳ್ಳು ಬರೆದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಲೆಕ್ಕ ಹಿಡಿಯುವ ರೀತಿಯೇ ಹಾಗಿದೆ. ಫೇಸ್‌ಬುಕ್ಕಿನ ಮಾಮೂಲಿ ಸೆಟ್ಟಿಂಗಿನಲ್ಲಿ ಜಾಹೀರಾತು ಒತ್ತಿದ ಏಳು ದಿನದ ಒಳಗೆ, ಅಥವಾ ಸುಮ್ನೆ ಕಣ್ಣಿಗೆ ಬಿದ್ದ ಒಂದು ದಿನದ ಒಳಗೆ ಖರೀದಿ ಆದರೂ ಅದು ಜಾಹೀರಾತಿನ ಖಾತೆಗೇ ಹೋಗುತ್ತದೆ. ಗೂಗಲ್ ತನ್ನ ಲೆಕ್ಕ ತಾನು ಬೇರೆ ಹಿಡಿಯುತ್ತದೆ. ಇಬ್ಬರೂ ಒಂದೇ ಆರ್ಡರನ್ನು ತಮ್ಮದು ಅನ್ನಬಹುದು. ಮದುವೆ ಮನೆಯ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಗುಲಾಬಿ ಕೊಡುವವನು, ಇಷ್ಟು ಜನ ಬಂದದ್ದು ನನ್ನಿಂದಲೇ ಅಂದ ಹಾಗೆ.

ಇದು ನಮ್ಮೊಬ್ಬರ ಅನುಭವ ಅಲ್ಲ. ಅಮೆರಿಕದ ಈಬೇ ಕಂಪನಿಯಲ್ಲಿ ಇದನ್ನೇ ದೊಡ್ಡದಾಗಿ ಪರೀಕ್ಷೆ ಮಾಡಿದ್ದರು, 2015ರಲ್ಲಿ ಅದರ ಅಧ್ಯಯನ ಪ್ರಕಟವಾಯಿತು. ಗೂಗಲಿನಂಥ ಹುಡುಕಾಟ ತಾಣಗಳಲ್ಲಿ ತಮ್ಮ ಹೆಸರಿನ ಮೇಲೆ ಹಾಕುತ್ತಿದ್ದ ಜಾಹೀರಾತು ನಿಲ್ಲಿಸಿದಾಗ, ಅದನ್ನು ಒತ್ತಿ ಬರುತ್ತಿದ್ದವರಲ್ಲಿ ಶೇ. 99ಕ್ಕಿಂತ ಜಾಸ್ತಿ ಮಂದಿ ಕೆಳಗಿದ್ದ ಬಿಟ್ಟಿ ಲಿಂಕನ್ನೇ ಒತ್ತಿ ಒಳಗೆ ಬಂದರು. ಬೇರೆ ಪದಗಳ ಮೇಲಿನ ಜಾಹೀರಾತನ್ನೂ ನಿಲ್ಲಿಸಿ ನೋಡಿದರು. ಪದೇ ಪದೇ ಕೊಳ್ಳುವ ಹಳಬರ ಖರೀದಿ ಕದಲಲಿಲ್ಲ. ಹೊಸಬರು ಮತ್ತು ಅಪರೂಪಕ್ಕೆ ಬರುವವರ ಮೇಲೆ ಮಾತ್ರ ಜಾಹೀರಾತು ಕೆಲಸ ಮಾಡುತ್ತಿತ್ತು. ಅಷ್ಟು ದೊಡ್ಡ ಕಂಪನಿಯ ಮಾತು ನಮಗೆ ಹಾಗೇ ಅನ್ವಯಿಸಬೇಕಿಲ್ಲ, ಅವರ ಹೆಸರು ಲೋಕಕ್ಕೆಲ್ಲ ಗೊತ್ತು. ಆದರೆ ಪರೀಕ್ಷೆ ಮಾಡುವ ದಾರಿ ನಮಗೂ ಸಿಗುವಂಥದ್ದೇ. ನಿಲ್ಲಿಸಿ ನೋಡುವುದು.

ಎಲ್ಲ ಕಡೆ ಒಟ್ಟಿಗೆ ನಿಲ್ಲಿಸಬೇಡಿ. ಆಗ ಮಾರಾಟ ಇಳಿದರೆ ಜಾಹೀರಾತು ನಿಂತದ್ದಕ್ಕೋ, ಮಳೆಗೋ, ಆಷಾಢಕ್ಕೋ ಗೊತ್ತಾಗುವುದಿಲ್ಲ. ನಾವು ಎರಡು ಜಿಲ್ಲೆ ಆರಿಸಿಕೊಂಡೆವು, ಶಿವಮೊಗ್ಗ ಮತ್ತು ತುಮಕೂರು. ಹಿಂದಿನ ಆರು ತಿಂಗಳ ನೇರ ಆರ್ಡರುಗಳನ್ನು ವಾರವಾರಕ್ಕೆ ಬರೆದು ನೋಡಿದರೆ ಇವೆರಡೂ ಒಟ್ಟಿಗೆ ಏರುತ್ತಿದ್ದವು, ಒಟ್ಟಿಗೆ ಇಳಿಯುತ್ತಿದ್ದವು. ನಾಲ್ಕು ವಾರಕ್ಕೆ ಶಿವಮೊಗ್ಗದಿಂದ ಸರಾಸರಿ 64 ಆರ್ಡರು, ತುಮಕೂರಿನಿಂದ 70. ಹಬ್ಬವಿಲ್ಲದ ನಾಲ್ಕು ವಾರ ನೋಡಿ ಶಿವಮೊಗ್ಗದಲ್ಲಿ ಎಲ್ಲ ಜಾಹೀರಾತು ನಿಲ್ಲಿಸಿದೆವು, ತುಮಕೂರಿನಲ್ಲಿ ಹಾಗೇ ಬಿಟ್ಟೆವು. ಗೂಗಲಿನಲ್ಲಿ ಊರು ಆರಿಸುವ ಸೆಟ್ಟಿಂಗನ್ನು Presence ಎಂಬುದಕ್ಕೆ ಇಡಬೇಕು, ಅಂದರೆ ಆ ಜಾಗದಲ್ಲಿ ಇರುವವರು. ಮೊದಲೇ ಇರುವ ಆಯ್ಕೆಯನ್ನು ಹಾಗೇ ಬಿಟ್ಟರೆ ಆ ಊರಿನ ಬಗ್ಗೆ ಆಸಕ್ತಿ ಇರುವವರೂ ಅದರಲ್ಲಿ ಸೇರುತ್ತಾರೆ, ಪರೀಕ್ಷೆ ಕಲಸುಮೇಲೋಗರ ಆಗುತ್ತದೆ.

ನಾಲ್ಕು ವಾರದಲ್ಲಿ ತುಮಕೂರು ಹೆಚ್ಚೂಕಡಿಮೆ 70ರಲ್ಲೇ ಇತ್ತು. ಶಿವಮೊಗ್ಗ 64ರಿಂದ 46ಕ್ಕೆ ಇಳಿಯಿತು. ಕಳೆದುಕೊಂಡದ್ದು 18 ಆರ್ಡರು. ಅಲ್ಲಿ ನಾಲ್ಕು ವಾರಕ್ಕೆ ಖರ್ಚಾಗುತ್ತಿದ್ದದ್ದು 10,000 ರೂಪಾಯಿ, ಅದರಿಂದ 50 ಆರ್ಡರ್ ಬರುತ್ತಿವೆ ಅಂತ ವರದಿ ಹೇಳುತ್ತಿತ್ತು. ನಿಜವಾಗಿ ತಂದದ್ದು 18. ಒಂದು ಆರ್ಡರಿಗೆ 200 ಅಲ್ಲ, 555 ರೂಪಾಯಿ.

ಇಷ್ಟು ಚಿಕ್ಕ ಅಂಕಿಗಳನ್ನು ನಂಬಬಹುದೇ ಅಂತ ಕೇಳಬೇಕಾದದ್ದೇ. ಒಂದು ಒರಟು ಲೆಕ್ಕ ಇದೆ. ಮಾಮೂಲಿ ಬರುವ ಆರ್ಡರಿನ ವರ್ಗಮೂಲ ತೆಗೆಯಿರಿ. 64ಕ್ಕೆ 8. ಅದರ ಎರಡು ಪಟ್ಟು 16. ವ್ಯತ್ಯಾಸ ಅದಕ್ಕಿಂತ ಕಡಿಮೆ ಇದ್ದರೆ ಅದು ಸುಮ್ನೆ ಏರಿಳಿತ ಆಗಿರಬಹುದು. ನಮ್ಮ 18 ಆ ಗೆರೆಯನ್ನು ಸ್ವಲ್ಪವೇ ದಾಟಿತ್ತು. ಅದಕ್ಕೆ ಒಂದು ತಿಂಗಳು ಬಿಟ್ಟು ಅದಲು ಬದಲು ಮಾಡಿದೆವು, ತುಮಕೂರಿನಲ್ಲಿ ನಿಲ್ಲಿಸಿ ಶಿವಮೊಗ್ಗದಲ್ಲಿ ಓಡಿಸಿದೆವು. ತುಮಕೂರು 70ರಿಂದ 51ಕ್ಕೆ ಬಂತು. ಎರಡು ಸಲವೂ ಒಂದೇ ಕಥೆ, ಆಗ ನಂಬಿದೆವು. ನಿಮ್ಮ ಜಿಲ್ಲೆಯಲ್ಲಿ ನಾಲ್ಕು ವಾರಕ್ಕೆ 15 ಆರ್ಡರ್ ಮಾತ್ರ ಬರುತ್ತಿದ್ದರೆ ಈ ಪರೀಕ್ಷೆ ಏನೂ ಹೇಳುವುದಿಲ್ಲ. ಎರಡು ಮೂರು ಜಿಲ್ಲೆ ಸೇರಿಸಿ, ಎಂಟು ವಾರ ಓಡಿಸಿ.

ಆಮೇಲೆ ಫೋನ್ ನಂಬರು ಹಿಡಿದು ಒಳಗೆ ನೋಡಿದೆವು. ಶಿವಮೊಗ್ಗದ ಮಾಮೂಲಿ 64ರಲ್ಲಿ 20 ಹೊಸಬರು, 44 ಹಳಬರು. ಜಾಹೀರಾತು ನಿಂತಾಗ ಹೊಸಬರು 5ಕ್ಕೆ ಬಿದ್ದರು. ಹಳಬರು 41. ಅಂದರೆ ಕಳೆದುಕೊಂಡ 18ರಲ್ಲಿ 15 ಹೊಸ ಮನೆಗಳು. ಹಳಬರಿಗೆ ತೋರಿಸುತ್ತಿದ್ದ ಜಾಹೀರಾತು ಇದ್ದರೂ ಒಂದೇ, ಇಲ್ಲದಿದ್ದರೂ ಹತ್ತಿರ ಹತ್ತಿರ ಒಂದೇ.

ಮೂರು ಕೆಲಸ ಮಾಡಿದೆವು. ಗೂಗಲಿನಲ್ಲಿ ನಮ್ಮ ಹೆಸರಿನ ಮೇಲಿನ ಜಾಹೀರಾತು ನಿಲ್ಲಿಸಿದೆವು, ಅದೇ ತಿಂಗಳಿಗೆ 12,000 ತಿನ್ನುತ್ತಿತ್ತು. ನಿಲ್ಲಿಸುವ ಮುಂಚೆ ಬೇರೆ ಬೇರೆ ಫೋನುಗಳಲ್ಲಿ ನಮ್ಮ ಹೆಸರು ಹುಡುಕಿ, ಪಕ್ಕದ ಗಾಣದವರು ನಮ್ಮ ಹೆಸರಿನ ಮೇಲೆ ಜಾಹೀರಾತು ಹಾಕಿದ್ದಾರಾ ಅಂತ ನೋಡಿಕೊಂಡೆವು. ಹಾಕಿದ್ದರೆ ಮಾತು ಬೇರೆ, ಆಗ ಪೂರ್ತಿ ನಿಲ್ಲಿಸಬಾರದು. ಎರಡನೆಯದು, ವೆಬ್‌ಸೈಟಿಗೆ ಬಂದು ಹೋದವರ ಬೆನ್ನು ಹತ್ತುವ ಜಾಹೀರಾತು, ಅದು ಇನ್ನೊಂದು 12,000. ಅದನ್ನೂ ನಿಲ್ಲಿಸಿದೆವು. ಮೂರನೆಯದಕ್ಕೆ ದುಡ್ಡು ಬೇಕಿರಲಿಲ್ಲ. ಹಳೆಯ ಗಿರಾಕಿಗಳ ನಂಬರು ಪಟ್ಟಿಯನ್ನು ಫೇಸ್‌ಬುಕ್ಕಿಗೆ ಏರಿಸಿ, ಇವರಿಗೆ ತೋರಿಸಬೇಡ ಅಂತ ಹೊರಗಿಟ್ಟೆವು. ಪ್ರತಿ ತಿಂಗಳು ಆ ಪಟ್ಟಿಯನ್ನು ಹೊಸದು ಮಾಡಬೇಕು, ಅದು ಮರೆತರೆ ಮತ್ತೆ ಹಳೇ ಕಥೆಯೇ.

ತಿಂಗಳಿಗೆ 24,000 ಉಳಿಯಿತು, ಮಾರಾಟ ಎದ್ದು ಕಾಣುವಂತೆ ಇಳಿಯಲಿಲ್ಲ. ಈಗ ಈ 24,000 ಎಲ್ಲಿಗೆ?

ಎಲ್ಲರಿಗೂ ಮೊದಲು ಹೊಳೆಯುವುದು ಅದನ್ನೂ ಹೊಸ ಗಿರಾಕಿ ತರುವ ಜಾಹೀರಾತಿಗೇ ಹಾಕೋಣ ಅಂತ. ನಾವೂ ಹಾಕಿ ನೋಡಿದೆವು. ಇಲ್ಲೇ ನನ್ನ ಇವತ್ತಿನ ಮುಖ್ಯ ಮಾತು ಇರುವುದರಿಂದ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ.

ಸೋರಿಕೆ ನಿಲ್ಲಿಸಿದ ಮೇಲೆ ಒಂದು ಜಿಲ್ಲೆಗೆ 10,000 ಇದ್ದದ್ದು 6,000 ಆಯಿತು. ಅಷ್ಟಕ್ಕೇ ಆ 15 ಹೊಸ ಮನೆಗಳು ಬರುತ್ತಿದ್ದವು. ಒಂದು ಹೊಸ ಮನೆಗೆ 400 ರೂಪಾಯಿ. ಮೊದಲ ಕ್ಯಾನಿನಲ್ಲಿ ನಮಗೆ ಉಳಿಯುವುದು 320, ಅಂದರೆ 80 ರೂಪಾಯಿ ಕೈಯಿಂದ ಹೋಗುತ್ತದೆ. ಆದರೆ ಎಣ್ಣೆ ಒಮ್ಮೆ ಕೊಂಡು ಬಿಡುವ ವಸ್ತು ಅಲ್ಲ. ಖಾತೆ ಪುಸ್ತಕ ನೋಡಿದರೆ ಹೊಸದಾಗಿ ಬಂದ ಒಂದು ಮನೆ ಮೊದಲ ವರ್ಷದಲ್ಲಿ ಸರಾಸರಿ ಎರಡೂವರೆ ಕ್ಯಾನ್ ಕೊಳ್ಳುತ್ತದೆ. ಕೆಲವರು ಒಂದಕ್ಕೇ ನಿಲ್ಲಿಸುತ್ತಾರೆ, ಕೆಲವರು ಐದು ತರಿಸುತ್ತಾರೆ. ಎರಡೂವರೆ ಕ್ಯಾನಿಗೆ 800 ರೂಪಾಯಿ. ಹಾಗಾಗಿ ಒಂದು ಹೊಸ ಮನೆಗೆ 800ರವರೆಗೆ ಖರ್ಚು ಮಾಡಿದರೆ ಒಂದು ವರ್ಷದಲ್ಲಿ ಅಸಲು ಬರುತ್ತದೆ. ಅದಕ್ಕಿಂತ ಜಾಸ್ತಿ ಆದರೆ ನಷ್ಟ.

ತುಮಕೂರಿನಲ್ಲಿ 6,000ವನ್ನು 12,000 ಮಾಡಿದೆವು. ಹೊಸ ಮನೆಗಳು 15ರಿಂದ 30 ಆಗಲಿಲ್ಲ. 22 ಆದವು. ವರದಿಯ ಸರಾಸರಿ ನೋಡಿದರೆ ಪರವಾಗಿಲ್ಲ ಅನ್ನಿಸುತ್ತದೆ, ಒಂದು ಮನೆಗೆ 545. ಆದರೆ ಸರಾಸರಿ ನೋಡಬಾರದು. ಹೆಚ್ಚಿಗೆ ಹಾಕಿದ 6,000ಕ್ಕೆ ಸಿಕ್ಕಿದ್ದು ಬರೀ 7 ಮನೆ. ಒಂದೊಂದಕ್ಕೆ 857. ನಮ್ಮ 800ರ ಗೆರೆ ದಾಟಿಹೋಯಿತು.

ಯಾಕೆ ಹೀಗೆ? ಈ ತಿಂಗಳು ಎಣ್ಣೆ ಬದಲಾಯಿಸೋಣ, ಗಾಣದ್ದೇ ತರಿಸೋಣ ಅಂತ ಯೋಚನೆಯಲ್ಲಿರುವ ಮನೆಗಳು ಒಂದು ಜಿಲ್ಲೆಯಲ್ಲಿ ಇಷ್ಟೇ ಇರುತ್ತವೆ. ಅವರನ್ನು ಮೊದಲ 6,000 ಹಿಡಿದುಕೊಟ್ಟಿತು. ಮುಂದಿನ 6,000 ಅದೇ ಕೆರೆಗೆ ಮತ್ತೆ ಬಲೆ ಬೀಸಿದ ಹಾಗೆ. ಕೆರೆಯಲ್ಲಿ ಮೀನು ಜಾಸ್ತಿ ಆಗಬೇಕಾದರೆ ಮರಿ ಬಿಡಬೇಕು, ಅದು ಬೇರೆಯೇ ಕೆಲಸ. ಇವತ್ತು ಎಣ್ಣೆ ಬೇಡದ ಮನೆಗೆ ನಮ್ಮ ಹೆಸರು ಈಗಲೇ ಗೊತ್ತಿರಬೇಕು, ನಾಳೆ ಬೇಕಾದಾಗ ಅದೇ ಮೊದಲು ಬಾಯಿಗೆ ಬರಬೇಕು. ಬ್ರ್ಯಾಂಡ್ ಕಟ್ಟುವುದು ಅಂದರೆ ನನ್ನ ಲೆಕ್ಕದಲ್ಲಿ ಇಷ್ಟೇ.

ಹಾಗಾಗಿ ಎಷ್ಟು ಪಾಲು ಅನ್ನುವುದಕ್ಕೆ ನಾವು ಇಟ್ಟುಕೊಂಡ ನಿಯಮ ಇದು. ಪರ್ಫಾರ್ಮೆನ್ಸ್ ಜಾಹೀರಾತಿಗೆ ಹಾಕುತ್ತಾ ಹೋಗಿ, ಆದರೆ ಕೊನೆಗೆ ಸೇರಿಸಿದ ದುಡ್ಡಿಗೆ ಎಷ್ಟು ಹೊಸ ಗಿರಾಕಿಗಳು ಬಂದರು ಅಂತ ಬೇರೆಯಾಗಿ ಎಣಿಸಿ. ಆ ಕೊನೆಯ ಗಿರಾಕಿಗೆ ಬಿದ್ದ ಖರ್ಚು, ಗಿರಾಕಿ ಒಂದು ವರ್ಷದಲ್ಲಿ ಕೊಡುವ ಲಾಭಕ್ಕೆ ಮುಟ್ಟಿದ ಜಾಗದಲ್ಲಿ ನಿಲ್ಲಿಸಿ. ಅಲ್ಲಿಂದ ಮೇಲೆ ಉಳಿದದ್ದು ಬ್ರ್ಯಾಂಡಿನ ದುಡ್ಡು. ನಮಗೆ ಅದು 36,000 ಮತ್ತು 24,000 ಅಂತ ಬಂತು, ಅಂದರೆ ಪರ್ಫಾರ್ಮೆನ್ಸಿಗೆ 60, ಬ್ರ್ಯಾಂಡಿಗೆ 40.

ಈ ಕ್ಷೇತ್ರದಲ್ಲಿ 60:40 ಅನ್ನುವುದನ್ನು ತುಂಬ ಜನ ಮಂತ್ರದ ಹಾಗೆ ಹೇಳುತ್ತಾರೆ, ಆದರೆ ನಮ್ಮದಕ್ಕೆ ತಿರುಗುಮುರುಗಾಗಿ: 60 ಬ್ರ್ಯಾಂಡಿಗೆ, 40 ತಕ್ಷಣದ ಮಾರಾಟಕ್ಕೆ. ಅದು ಬಂದದ್ದು ಬ್ರಿಟನ್ನಿನ ಲೆಸ್ ಬಿನೆ ಮತ್ತು ಪೀಟರ್ ಫೀಲ್ಡ್ ಅನ್ನುವವರ ಕೆಲಸದಿಂದ, 2013ರಲ್ಲಿ. ಅವರು ನೋಡಿದ್ದು ಜಾಹೀರಾತು ಪ್ರಶಸ್ತಿಗೆ ಅಂತ ಕಂಪನಿಗಳು ಕಳಿಸಿದ ಪ್ರಕರಣಗಳನ್ನು. ಬಹುಪಾಲು ದೊಡ್ಡ ಕಂಪನಿಗಳು, ಟಿವಿಯಲ್ಲಿ ಜಾಹೀರಾತು ಹಾಕುವವರು, ಎಲ್ಲ ಅಂಗಡಿಯಲ್ಲೂ ಸಿಗುವ ಸಾಮಾನು. ಅದು ಸರಾಸರಿ ಮಾತ್ರ. ವ್ಯಾಪಾರದ ಬಗೆ, ಬ್ರ್ಯಾಂಡಿನ ಗಾತ್ರ ನೋಡಿಕೊಂಡು ಈ ಪಾಲು ಬದಲಾಗುತ್ತದೆ ಅಂತ 2018ರಲ್ಲಿ ಅವರೇ ವಿವರವಾಗಿ ಬರೆದರು. ಅವರ ಒಂದು ಮಾತು ಮಾತ್ರ ನಮಗೂ ಪೂರ್ತಿ ಒಪ್ಪುತ್ತದೆ. ತಕ್ಷಣದ ಜಾಹೀರಾತಿನ ಫಲ ಬೇಗ ಏರಿ ಬೇಗ ಇಳಿಯುತ್ತದೆ, ಬ್ರ್ಯಾಂಡಿನ ಫಲ ನಿಧಾನಕ್ಕೆ ಏರುತ್ತದೆ, ಆದರೆ ನಿಲ್ಲುತ್ತದೆ. ಅದರ ಪಾಲು ಮಾತ್ರ ಅವರ ಅಂಕಿ ನೋಡಿ ಇಟ್ಟುಕೊಳ್ಳುವುದಲ್ಲ.

ಈಗ ದಾವಣಗೆರೆಗೆ ಬರೋಣ.

24,000 ಇಟ್ಟುಕೊಂಡು ಇಡೀ ಕರ್ನಾಟಕದಲ್ಲಿ ಹೆಸರು ಮಾಡಲು ಆಗುವುದಿಲ್ಲ. ಹತ್ತು ಊರಿಗೆ ಹಂಚಿದರೆ ಒಂದೊಂದು ಊರಿಗೆ 2,400, ಯಾರ ಕಣ್ಣಿಗೂ ಬೀಳದೆ ಕರಗಿಹೋಗುತ್ತದೆ. ನಾವು ಒಂದೇ ಊರು ಆರಿಸಿದೆವು, ದಾವಣಗೆರೆ. ಊರು ಚೆನ್ನಾಗಿದೆ ಅಂತ ಮಾತ್ರ ಅಲ್ಲ, ಇಲ್ಲಿ ಆಗಲೇ 40 ಕಿರಾಣಿ ಅಂಗಡಿಗಳಲ್ಲಿ ನಮ್ಮ ಕ್ಯಾನು ಇತ್ತು. ಹೆಸರು ಕೇಳಿ ಅಂಗಡಿಗೆ ಹೋದವರಿಗೆ ಮಾಲು ಸಿಗದಿದ್ದರೆ ಆ ದುಡ್ಡು ಪಕ್ಕದ ಕಂಪನಿಗೆ ಕೊಟ್ಟ ಹಾಗೆ. ಹೋಲಿಸಿ ನೋಡಲು ಹುಬ್ಬಳ್ಳಿಯನ್ನು ಇಟ್ಟುಕೊಂಡೆವು. ಅಲ್ಲಿ 30 ಅಂಗಡಿ, ಅಲ್ಲಿ ಬ್ರ್ಯಾಂಡಿಗೆ ಒಂದು ರೂಪಾಯಿಯೂ ಹಾಕಲಿಲ್ಲ.

ಏನು ಮಾಡಿದೆವು ಅಂದರೆ, ಮೊದಲು ಕ್ಯಾನಿನ ಬಣ್ಣ ಒಂದೇ ಮಾಡಿದೆವು. ಅಲ್ಲಿಯ ತನಕ ಸಿಕ್ಕ ಸಿಕ್ಕ ಬಣ್ಣದ ಕ್ಯಾನಿನಲ್ಲಿ ತುಂಬುತ್ತಿದ್ದೆವು. ಅರಿಶಿನದ ಬಣ್ಣ, ಅದರ ಮೇಲೆ ಕೆಂಪು ಗಾಣದ ಚಿತ್ರ, ಒಂದೇ ಸಾಲು. ಅದೇ ಬಣ್ಣ ಅದೇ ಚಿತ್ರ ಗೋಡೆ ಬರಹದಲ್ಲಿ, ಅಂಗಡಿ ಬೋರ್ಡಿನಲ್ಲಿ, ಊರಿನ ಪತ್ರಿಕೆಯಲ್ಲಿ, ಇನ್‌ಸ್ಟಾಗ್ರಾಮಿನಲ್ಲೂ. ಮಂಡಿಪೇಟೆಯಿಂದ ನಿಟ್ಟುವಳ್ಳಿಯವರೆಗೆ 22 ಗೋಡೆ ಬರೆಸಿದೆವು, ಗೋಡೆ ಯಜಮಾನರ ಒಪ್ಪಿಗೆ ಬರಹದಲ್ಲಿ ಪಡೆದು, ಪಾಲಿಕೆಯಲ್ಲೂ ಕೇಳಿಕೊಂಡು. ಫೇಸ್‌ಬುಕ್ಕಿನಲ್ಲೂ ಸ್ವಲ್ಪ ದುಡ್ಡು ಹಾಕಿದೆವು. ಆದರೆ ಈ ಸಲ ಆರ್ಡರ್ ಮಾಡುವವರನ್ನು ಹುಡುಕು ಅಂತ ಅಲ್ಲ, ದಾವಣಗೆರೆಯ ಆದಷ್ಟು ಜಾಸ್ತಿ ಮನೆಗಳಿಗೆ ತಲುಪಿಸು ಅಂತ. ಒಂದೇ ತಾಣದಲ್ಲೇ ಎರಡು ಬಗೆಯ ಜಾಹೀರಾತೂ ಆಗುತ್ತದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಫೇಸ್‌ಬುಕ್ ಅಂದರೆ ಪರ್ಫಾರ್ಮೆನ್ಸ್, ಗೋಡೆ ಅಂದರೆ ಬ್ರ್ಯಾಂಡ್ ಅಂತ ಏನಿಲ್ಲ. ಯಾರಿಗೆ ತೋರಿಸುತ್ತೀರಿ, ಏನು ಕೇಳುತ್ತೀರಿ ಅನ್ನುವುದರ ಮೇಲೆ ಅದು ನಿಂತಿದೆ.

ಜಾಹೀರಾತಿನಲ್ಲಿ ಬೆಲೆ ಹಾಕಲಿಲ್ಲ. ರಿಯಾಯಿತಿ ಹೇಳಲಿಲ್ಲ. ಮನೆಯಲ್ಲಿ ಎಣ್ಣೆ ಯಾವಾಗ ನೆನಪಾಗುತ್ತದೆ ಅಂತ ಯೋಚಿಸಿ ಎರಡೇ ಹೊತ್ತನ್ನು ಹಿಡಿದೆವು. ತಿಂಗಳ ಮೊದಲ ವಾರ ಕಿರಾಣಿ ಚೀಟಿ ಬರೆಯುವ ಹೊತ್ತು, ಹಬ್ಬಕ್ಕೆ ಬಾಣಲೆ ಇಡುವ ಹೊತ್ತು. ಚಿತ್ರದಲ್ಲಿ ಇದ್ದದ್ದು ಚೀಟಿ, ಪೆನ್ನು, ಪಕ್ಕದಲ್ಲಿ ಅರಿಶಿನ ಬಣ್ಣದ ಕ್ಯಾನು.

ಅಂಗಡಿಯಲ್ಲಿ ಒಂದು ಕ್ಯಾನಿನ ಮೇಲೆ ನಮಗೆ ಉಳಿಯುವುದು 200, ಅಂಗಡಿಯವರ ಪಾಲು ಹೋಗುತ್ತದಲ್ಲ. ಶುರುವಿನಲ್ಲಿ 40 ಅಂಗಡಿಗೆ ತಿಂಗಳಿಗೆ 240 ಕ್ಯಾನ್ ಹೋಗುತ್ತಿತ್ತು. ಐದನೇ ತಿಂಗಳಿಗೆ 250. ಒಂದು ಲಕ್ಷದ ಮೇಲೆ ಇಪ್ಪತ್ತು ಸಾವಿರ ಖರ್ಚಾಗಿತ್ತು, ಹತ್ತು ಕ್ಯಾನು ಜಾಸ್ತಿ. ಆ ಸಂಜೆ ನಾನೇ ಮಾವನಿಗೆ ಹೇಳಿದೆ, "ಮಾವ, ನಿಲ್ಲಿಸಿಬಿಡೋಣ, ಈ ದುಡ್ಡಿಗೆ ಎರಡು ಜಿಲ್ಲೆ ಫೇಸ್‌ಬುಕ್ ಓಡುತ್ತಿತ್ತು."

ಮಾವ ಗಾಣದ ಪಕ್ಕ ಕೂತು ಹಿಂಡಿ ಚೀಲ ಹೊಲಿಯುತ್ತಿದ್ದರು. "ನೋಡಮ್ಮ, ಅಂಗಡಿಯವರನ್ನು ಕೇಳಿದೆಯಾ?" ಅಂದರು.

ಕೇಳಿರಲಿಲ್ಲ. ಮಾರನೇ ವಾರ ದಾವಣಗೆರೆಗೆ ಹೋಗಿ ಹನ್ನೆರಡು ಅಂಗಡಿ ಸುತ್ತಿದೆ. ವಿನೋಬನಗರದ ಒಂದು ಅಂಗಡಿಯಲ್ಲಿ ಅಂಗಡಿಯ ಅಕ್ಕ ಹೇಳಿದರು, "ನಿಮ್ಮ ಹೆಸರು ಯಾರೂ ಹೇಳಲ್ಲ ಕಣಮ್ಮ, ಆ ಹಳದಿ ಡಬ್ಬಿ ಗಾಣದ ಎಣ್ಣೆ ಐತಾ ಅಂತ ಕೇಳ್ತಾರೆ." ಮೊದಲು ಬೇಜಾರಾಯಿತು. ಆಮೇಲೆ ಅರ್ಥವಾಯಿತು, ಬಣ್ಣ ಮನಸ್ಸಿನಲ್ಲಿ ಕೂತಿದೆ, ಹೆಸರು ಇನ್ನೂ ಕೂತಿಲ್ಲ. ಗೋಡೆಗಳಲ್ಲಿ ಹೆಸರನ್ನು ಎರಡು ಪಟ್ಟು ದೊಡ್ಡದು ಮಾಡಿಸಿದೆವು. ಕೊಂಡವರ ಸಂಖ್ಯೆ ಏರುವ ಮುಂಚೆ ಕೇಳುವವರ ಸಂಖ್ಯೆ ಏರುತ್ತದೆ. ನೀವು ಮೊದಲ ಆರು ತಿಂಗಳು ಎಣಿಸಬೇಕಾದದ್ದು ಅದನ್ನೇ.

ಅಳೆಯುವ ಬಗ್ಗೆ ಇಲ್ಲೇ ಹೇಳುತ್ತೇನೆ. ಗೂಗಲ್ ಟ್ರೆಂಡ್ಸ್ ನಮ್ಮಂಥ ಸಣ್ಣ ಹೆಸರಿಗೆ ಏನೂ ತೋರಿಸುವುದಿಲ್ಲ, ಅಷ್ಟು ಹುಡುಕಾಟವೇ ಇರುವುದಿಲ್ಲ. ಸರ್ಚ್ ಕನ್ಸೋಲ್ ಅನ್ನುವ ಬಿಟ್ಟಿ ಸಾಧನದಲ್ಲಿ ಎಷ್ಟು ಜನ ನಮ್ಮ ಹೆಸರು ಟೈಪ್ ಮಾಡಿ ಬಂದರು ಅಂತ ಗೊತ್ತಾಗುತ್ತದೆ, ಆದರೆ ಯಾವ ಊರಿನಿಂದ ಅಂತ ಗೊತ್ತಾಗುವುದಿಲ್ಲ. ಹಾಗಾಗಿ ನಾವು ಕೈಲೆಕ್ಕವನ್ನೇ ನಂಬಿದೆವು. ಮೂರು ತಿಂಗಳಿಗೊಮ್ಮೆ ಮಾರುಕಟ್ಟೆಯಲ್ಲಿ ನೂರು ಹೆಂಗಸರನ್ನು ಒಂದೇ ಪ್ರಶ್ನೆ ಕೇಳುವುದು: ಗಾಣದ ಎಣ್ಣೆ ಅಂದರೆ ಯಾವ ಹೆಸರು ನೆನಪಿಗೆ ಬರುತ್ತದೆ? ನಮ್ಮ ಹೆಸರನ್ನು ನಾವು ಮೊದಲು ಹೇಳಬಾರದು. ಕೇಳಲು ಹೋಗುವವರು ನಮ್ಮ ಕಂಪನಿಯ ಟೀ ಶರ್ಟ್ ಹಾಕಿಕೊಂಡಿರಬಾರದು, ನಾವು ಮೊದಲ ಸಲ ಆ ತಪ್ಪು ಮಾಡಿ ನೂರು ಉತ್ತರವನ್ನೂ ಹರಿದು ಹಾಕಬೇಕಾಯಿತು.

ಒಂಬತ್ತನೇ ತಿಂಗಳಿಗೆ ದಾವಣಗೆರೆ 300 ಕ್ಯಾನಿಗೆ ಬಂತು, ಹನ್ನೆರಡಕ್ಕೆ 380. ಹುಬ್ಬಳ್ಳಿ ವರ್ಷವಿಡೀ 150ರಿಂದ 155ರ ಒಳಗೇ ಆಡುತ್ತಿತ್ತು. ಇನ್ನೊಂದು ಬದಲಾವಣೆ ನಾವು ಎಣಿಸಿರಲಿಲ್ಲ. ದಾವಣಗೆರೆಯಲ್ಲಿ ಒಂದು ಹೊಸ ಮನೆಗೆ ಬೀಳುತ್ತಿದ್ದ ಪರ್ಫಾರ್ಮೆನ್ಸ್ ಖರ್ಚು 400ರಿಂದ 290ಕ್ಕೆ ಇಳಿಯಿತು. ಗೋಡೆಯಲ್ಲಿ ನೋಡಿದ ಹೆಸರು ಫೋನಿನಲ್ಲಿ ಬಂದಾಗ ಜನ ಅನುಮಾನ ಪಡುವುದಿಲ್ಲ. ಇದು ಆದ ಮೇಲೆ ಆ ಊರಿನಲ್ಲಿ ನಮ್ಮ ನಿಯಮವನ್ನು ಮತ್ತೆ ಲೆಕ್ಕ ಹಾಕಿದರೆ ಪರ್ಫಾರ್ಮೆನ್ಸಿಗೆ ಮೊದಲಿಗಿಂತ ಜಾಸ್ತಿ ಹಾಕಬಹುದು ಅಂತ ಬಂತು. ಪಾಲು ಒಮ್ಮೆ ಗೊತ್ತು ಮಾಡಿ ಗೋಡೆಗೆ ಬರೆದಿಡುವಂಥದ್ದಲ್ಲ. ವರ್ಷಕ್ಕೊಮ್ಮೆಯಾದರೂ ಹೊಸದಾಗಿ ಎಣಿಸಬೇಕು.

ಲಾಭ ನಷ್ಟ ಮುಚ್ಚಿಡುವುದಿಲ್ಲ. ಮೊದಲ ವರ್ಷ ಬ್ರ್ಯಾಂಡಿಗೆ ಹೋದದ್ದು 2.88 ಲಕ್ಷ. ಅಂಗಡಿಗಳಲ್ಲಿ ಹೆಚ್ಚಿಗೆ ಹೋದ ಕ್ಯಾನುಗಳಿಂದ ಬಂದದ್ದು ಸುಮಾರು 1 ಲಕ್ಷ. ಹನ್ನೆರಡನೇ ತಿಂಗಳಲ್ಲಿ ಮಾತ್ರ 140 ಕ್ಯಾನ್ ಜಾಸ್ತಿ, 28,000 ರೂಪಾಯಿ, ಆ ತಿಂಗಳ ಖರ್ಚಾದ 24,000ವನ್ನು ಮೊದಲ ಸಲ ದಾಟಿತು. ಅಂದರೆ ಪೂರ್ತಿ ಒಂದು ವರ್ಷ ವಾಪಸ್ ಬರದಿದ್ದರೂ ನಡೆಯುವ ದುಡ್ಡು ಇದಾಗಿರಬೇಕು. ನಾವು ಸೋರಿಕೆ ನಿಲ್ಲಿಸಿ ಉಳಿಸಿದ್ದನ್ನು ಹಾಕಿದ್ದರಿಂದ ತಡೆದುಕೊಂಡೆವು. ಅದನ್ನೇ ಸಾಲ ತಂದು ಹಾಕಿದ್ದರೆ ಐದನೇ ತಿಂಗಳಿಗೆ ನಿಲ್ಲಿಸುತ್ತಿದ್ದೆವು, ಐದನೇ ತಿಂಗಳಿಗೆ ನಿಲ್ಲಿಸಿದ ಬ್ರ್ಯಾಂಡ್ ಖರ್ಚು ಪೂರ್ತಿ ನೀರಿಗೆ ಹಾಕಿದ ಹಾಗೆ. ಶೇಂಗಾ ಸುಗ್ಗಿಯಲ್ಲಿ ಮಾಲು ಕೊಳ್ಳಲು ಬೇಕಾದ ದುಡ್ಡಿಗೆ ಯಾವತ್ತೂ ಕೈ ಹಾಕಬೇಡಿ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು, ಎರಡನ್ನು ಇಲ್ಲಿ ಬರೆಯುತ್ತೇನೆ.

ಮನೆಯಲ್ಲೇ ಉಪ್ಪಿನಕಾಯಿ ಮಾಡಿ ಮಾರುವ ಒಬ್ಬ ಅಕ್ಕ ಕೇಳಿದರು, "ನನ್ನದು ತಿಂಗಳಿಗೆ ಐದು ಸಾವಿರವೇ ಜಾಹೀರಾತಿಗೆ ಇರೋದು, ಅದರಲ್ಲಿ ಎಷ್ಟು ಬ್ರ್ಯಾಂಡಿಗೆ ಇಡಲಿ?" ಏನೂ ಇಡಬೇಡಿ ಅಕ್ಕ, ಅಂದೆ. ಐದು ಸಾವಿರವನ್ನು ಎರಡು ಮಾಡಿದರೆ ಎರಡೂ ಸಾಯುತ್ತವೆ. ಅಷ್ಟನ್ನೂ ಹೊಸ ಗಿರಾಕಿ ತರಲು ಹಾಕಿ, ಹಳಬರನ್ನು ಪಟ್ಟಿಯಿಂದ ಹೊರಗಿಡಿ. ಬ್ರ್ಯಾಂಡಿನ ಕೆಲಸವನ್ನು ದುಡ್ಡಿಲ್ಲದೆ ಮಾಡಿ: ಬಾಟಲಿಯ ಚೀಟಿ, ಮುಚ್ಚಳದ ಬಣ್ಣ, ಹೆಸರು ಬರೆಯುವ ಅಕ್ಷರ ಎಲ್ಲ ಕಡೆ ಒಂದೇ ಇರಲಿ, ವರ್ಷಕ್ಕೊಮ್ಮೆ ಬದಲಾಯಿಸಬೇಡಿ. ನನ್ನ ಅಂದಾಜಿನಲ್ಲಿ ಒಂದೇ ಊರಿನಲ್ಲಾದರೂ ತಿಂಗಳಿಗೆ 15,000 ಬಿಡದೆ ಒಂದು ವರ್ಷ ಹಾಕುವ ಶಕ್ತಿ ಬಂದ ಮೇಲೆ ಬ್ರ್ಯಾಂಡಿಗೆ ಅಂತ ಬೇರೆ ದುಡ್ಡು ತೆಗೆಯಬೇಕು.

ಇನ್ನೊಬ್ಬರು ಮೆಕ್ಕೆಜೋಳ ಒಕ್ಕುವ ಯಂತ್ರ ಮಾಡುವವರು. "ನಿಮ್ಮ ಎಣ್ಣೆ ಮೂರು ತಿಂಗಳಿಗೆ ಖಾಲಿ ಆಗುತ್ತೆ ತಾಯಿ, ನಮ್ಮ ಯಂತ್ರ ಒಮ್ಮೆ ಕೊಂಡರೆ ಐದು ವರ್ಷ ಬರಲ್ಲ. ನಮಗೆ ಬ್ರ್ಯಾಂಡ್ ಯಾಕೆ?" ಅಂದರು. ಅವರದ್ದು ನಮಗಿಂತ ಹೆಚ್ಚು ಬ್ರ್ಯಾಂಡ್ ಬೇಕಾದ ವ್ಯಾಪಾರ ಅನ್ನುವುದು ನನ್ನ ಅಭಿಪ್ರಾಯ. ಆಸ್ಟ್ರೇಲಿಯಾದ ಜಾನ್ ಡಾಸ್ ಅನ್ನುವ ಸಂಶೋಧಕರು ಒಂದು ಸರಳ ಲೆಕ್ಕ ತೋರಿಸಿದ್ದಾರೆ. ಐದು ವರ್ಷಕ್ಕೊಮ್ಮೆ ಕೊಳ್ಳುವ ವಸ್ತು ಅಂದರೆ ಒಂದು ವರ್ಷದಲ್ಲಿ ನೂರರಲ್ಲಿ 20 ಜನ ಕೊಳ್ಳುತ್ತಾರೆ, ಒಂದು ಮೂರು ತಿಂಗಳಲ್ಲಿ 5 ಜನ. ಈಗ ಜಾಹೀರಾತು ನೋಡಿದ 95 ಜನ ಇವತ್ತು ಕೊಳ್ಳುವುದೇ ಇಲ್ಲ. ತಕ್ಷಣದ ಆರ್ಡರ್ ಮಾತ್ರ ಎಣಿಸಿದರೆ ಆ 95 ಜನರಿಗೆ ತಲುಪಿದ್ದೆಲ್ಲ ದಂಡ ಅಂತ ಕಾಣುತ್ತದೆ. ಆದರೆ ನಾಲ್ಕು ವರ್ಷದ ಮೇಲೆ ಹಳೇ ಯಂತ್ರ ಕೆಟ್ಟು ನಿಂತಾಗ, ಕಣದಲ್ಲಿ ಜೋಳ ರಾಶಿ ಬಿದ್ದಿರುವಾಗ, ಆ ರೈತ ಗೂಗಲ್ ತೆಗೆಯುವ ಮುಂಚೆ ಯಾರಿಗೆ ಫೋನ್ ಮಾಡುತ್ತಾನೆ? ಆ ರೈತನಿಗೆ ಆ ಹೆಸರು ಇವತ್ತೇ ಗೊತ್ತಾಗಿರಬೇಕು.

ಅವರ ಪರೀಕ್ಷೆ ಮಾತ್ರ ನಮ್ಮ ಹಾಗೆ ನಾಲ್ಕು ವಾರದಲ್ಲಿ ಆಗುವುದಿಲ್ಲ, ಅಷ್ಟು ಮಾರಾಟವೇ ಇರುವುದಿಲ್ಲ. ಆರ್ಡರ್ ಬದಲು ವಿಚಾರಣೆಯ ಫೋನುಗಳನ್ನು ಎಣಿಸಿ ಅಂದೆ. ಎರಡು ತಾಲ್ಲೂಕು ಆರಿಸಿ, ಒಂದು ಸುಗ್ಗಿ ಪೂರ್ತಿ ನೋಡಿ. ಫೋನ್ ಬಂದಾಗ ಒಂದು ಪುಸ್ತಕದಲ್ಲಿ ಊರು ಬರೆಯಿರಿ, ಪಕ್ಕದಲ್ಲಿ ಅವರು ಮೊದಲ ಮಾತಿಗೇ ನಿಮ್ಮ ಕಂಪನಿ ಹೆಸರು ಹೇಳಿದರಾ, ಇಲ್ಲಾ "ಯಂತ್ರ ಮಾಡೋರಾ?" ಅಂತ ಕೇಳಿದರಾ ಅಂತ ಗುರುತು ಹಾಕಿ. ಅವರು ಅಲ್ಲೇ ಜೇಬಿನಿಂದ ಚೀಟಿ ತೆಗೆದು ಎರಡು ತಾಲ್ಲೂಕಿನ ಹೆಸರು ಬರೆದುಕೊಂಡರು. ಜಗಳೂರು ಒಂದು, ಹರಪನಹಳ್ಳಿ ಇನ್ನೊಂದು.